ಸ್ಟಾಲ್ ಫ್ಲೆಕ್ಸ್ ಮಾಡಿಸುವ ಮುಂಚೆ ಇದನ್ನು ನೋಡಿ

ನಮ್ಮ ಉಪ್ಪಿನಕಾಯಿ ಸ್ಟಾಲ್‌ಗೆ ಮೊದಲ ಸಲ 8 ಅಡಿ ಎತ್ತರದ ಫ್ಲೆಕ್ಸ್ ಮಾಡಿಸಿ, ಹೆಸರನ್ನು ನಡುವೆ, ಫೋನ್ ನಂಬರನ್ನು ಕೆಳಗೆ ಹಾಕಿಸಿದ್ದೆ. ಎರಡೂವರೆ ಅಡಿಯ ಟೇಬಲ್, ಅದರ ಮೇಲೆ ಬಾಟಲಿ ಸಾಲು, ಹಿಂದೆ ನಾವಿಬ್ಬರು ನಿಂತ ಮೇಲೆ ನೆಲದಿಂದ ಐದೂವರೆ ಅಡಿವರೆಗೂ ಬರೆಸಿದ್ದೆಲ್ಲ ಮುಚ್ಚಿಹೋಯಿತು. ಈಗ ಹೆಸರು, ಏನು ಮಾರುತ್ತೇವೆ ಅನ್ನೋದು ಎರಡೂ ಮೇಲಿನ 2 ಅಡಿಯಲ್ಲೇ ಇರುತ್ತವೆ, ಹೆಸರಿನ ಅಕ್ಷರ 6 ಇಂಚು. ಕೆಳಗೆ ಬರೀ ಬಣ್ಣ. ಟೇಬಲ್ ಮುಂದಿನ ಬಟ್ಟೆಗೂ ಜಾಸ್ತಿ ಬರೆಸಬೇಡಿ, ಗಿರಾಕಿ ಬಂದು ನಿಂತರೆ ಅದೂ ಕಾಣಲ್ಲ ಅಲ್ವಾ, ಮೇಲಂಚಿನ ಹತ್ತಿರ ಲೋಗೋ ಸಾಕು. ಬೆಲೆ, ಕ್ಯೂಆರ್ ಕೋಡ್ ಟೇಬಲ್ ಮೇಲೆ ಸ್ಟ್ಯಾಂಡ್‌ನಲ್ಲಿಡಿ. ಪ್ರಿಂಟ್‌ಗೆ ಕೊಡುವ ಮುಂಚೆ ಮನೆ ಗೋಡೆಗೆ ಅದೇ ಅಳತೆಯಲ್ಲಿ ಪೇಪರ್ ಅಂಟಿಸಿ, ಮುಂದೆ ಟೇಬಲ್ ಇಟ್ಟು, ಒಬ್ಬರನ್ನು ನಿಲ್ಲಿಸಿ 15 ಅಡಿ ದೂರದಿಂದ ಫೋಟೋ ತೆಗೆಯಿರಿ.