‘ಸಕ್ಕರೆ ಕಾಯಿಲೆ ಹತೋಟಿ’, ‘ತಿಂಗಳಿಗೆ 40,000’: ಜಾಹೀರಾತಿನ ಒಕ್ಕಣೆ ಅಚ್ಚಿಗೆ ಹೋಗುವ ಮುನ್ನ ಪರಿಶೀಲಿಸುವುದು ಹೇಗೆ?

“ಮೊಳಕೆ ರಾಗಿ ಮಾಲ್ಟ್: 45 ದಿನಗಳಲ್ಲಿ ಸಕ್ಕರೆ ಕಾಯಿಲೆ ಹತೋಟಿಗೆ! ಲ್ಯಾಬ್‌ನಲ್ಲಿ ದೃಢಪಟ್ಟಿದೆ. ಎಫ್‌ಎಸ್‌ಎಸ್‌ಎಐ ಅನುಮೋದಿತ. ಸಕ್ಕರೆ ಸೇರಿಸಿಲ್ಲ. ಡೀಲರ್ ಆಗಿ, ಮನೆಯಲ್ಲೇ ಕುಳಿತು ತಿಂಗಳಿಗೆ 40,000 ರೂಪಾಯಿ ಗಳಿಸಿ.”

ಈ ಒಕ್ಕಣೆಯನ್ನು ಲೇಖನಕ್ಕಾಗಿಯೇ ಹೆಣೆಯಲಾಗಿದೆ. ಆದರೆ ತುಮಕೂರಿನ ಯಾವುದೇ ಮುದ್ರಣಾಲಯದ ಮೇಜಿನ ಮೇಲಾಗಲಿ, ಸ್ಥಳೀಯ ಪತ್ರಿಕೆಯ ಜಾಹೀರಾತು ವಿಭಾಗದಲ್ಲಾಗಲಿ ಇದರ ಅಣ್ಣತಮ್ಮಂದಿರು ಸಿಗುವುದು ಕಷ್ಟವಲ್ಲ. ಗುಬ್ಬಿ ತಾಲ್ಲೂಕಿನ ಸಣ್ಣ ಘಟಕವೊಂದು ಕೋಲಾರ ಮತ್ತು ಚಿಕ್ಕಬಳ್ಳಾಪುರದಲ್ಲೂ ಡೀಲರ್‌ಗಳನ್ನು ಹುಡುಕಲು ಇದನ್ನು ಕಳುಹಿಸಿದೆ ಎಂದುಕೊಳ್ಳೋಣ. ಪಕ್ಕದಲ್ಲಿ 96 ಎಂದು ತೋರಿಸುವ ಗ್ಲುಕೋಮೀಟರ್ ಮತ್ತು ಕೊರಳಿಗೆ ಸ್ಟೆತಾಸ್ಕೋಪ್ ಹಾಕಿಕೊಂಡವರ ಚಿತ್ರಗಳಿವೆ. ಎಲ್ಲಕ್ಕೂ ಕೆಳಗೆ, ಭೂತಗನ್ನಡಿಗೆ ಮಾತ್ರ ಕಾಣುವ ಅಕ್ಷರಗಳಲ್ಲಿ, ಫಲಿತಾಂಶ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಬಹುದು ಎಂಬ ಸಾಲು ಇಂಗ್ಲಿಷಿನಲ್ಲಿದೆ.

ಮೊದಲು ತಿದ್ದಬೇಡಿ, ಬಿಡಿಸಿ

ಪೆನ್ನು ಹಿಡಿಯುವ ಮುನ್ನ ಇಡೀ ಒಕ್ಕಣೆಯನ್ನು ಓದುಗನಂತೆ ಒಮ್ಮೆ ಓದಿ, ಮನಸ್ಸಿನಲ್ಲಿ ಏನು ಉಳಿಯಿತು ಎಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಬೇಕು. ಇಲ್ಲಿ ಉಳಿಯುವುದು ‘ಇದನ್ನು ಕುಡಿದರೆ ಸಕ್ಕರೆ ಇಳಿಯುತ್ತದೆ, ವೈದ್ಯರೂ ಒಪ್ಪಿದ್ದಾರೆ’ ಎಂಬ ಭಾವನೆ. ವೈದ್ಯರು ಒಪ್ಪಿದ್ದಾರೆಂದು ಎಲ್ಲಿಯೂ ಬರೆದಿಲ್ಲ, ಚಿತ್ರ ಹೇಳುತ್ತಿದೆ. ಆದ್ದರಿಂದ ಚಿತ್ರವನ್ನೂ ಒಂದು ಹೇಳಿಕೆಯೆಂದೇ ಎಣಿಸಿ, ಪಠ್ಯದ ಹೇಳಿಕೆಗಳ ಜೊತೆಗೆ ಪಟ್ಟಿಗೆ ಸೇರಿಸಬೇಕು. ಆ ಬಳಿಕ ಪ್ರತಿಯೊಂದರ ಎದುರು ‘ಇದಕ್ಕೆ ಯಾವ ದಾಖಲೆ?’ ಎಂದು ಬರೆದು ಜಾಹೀರಾತುದಾರರಿಗೆ ಕಳುಹಿಸಬೇಕು.

ದಾಖಲೆ ಯಾವುದನ್ನು ಅಳೆದಿದೆ?

ಉತ್ತರವಾಗಿ ಸಾಮಾನ್ಯವಾಗಿ ಬರುವುದು ಪ್ರಯೋಗಾಲಯದ ವರದಿಯ ಜೆರಾಕ್ಸ್ ಪ್ರತಿ. ನಮ್ಮ ಉದಾಹರಣೆಯಲ್ಲಿ ಅದರ ಪ್ರಕಾರ 100 ಗ್ರಾಂ ಮಾಲ್ಟ್‌ನಲ್ಲಿ 7.4 ಗ್ರಾಂ ನಾರಿನಂಶವಿದೆ. ಕ್ಯಾಲ್ಸಿಯಂ, ಪ್ರೋಟೀನ್ ಪ್ರಮಾಣಗಳೂ ಇವೆ. ವರದಿ ಅಸಲಿಯೇ ಇರಬಹುದು, ಮುದ್ರೆ ಸಹಿಗಳೂ ಸರಿಯಿರಬಹುದು. ಆದರೆ ಅದು ಅಳೆದಿರುವುದು ಹಿಟ್ಟನ್ನು, ಮನುಷ್ಯರ ರಕ್ತವನ್ನಲ್ಲ. ‘ಲ್ಯಾಬ್‌ನಲ್ಲಿ ದೃಢಪಟ್ಟಿದೆ’ ಎಂಬ ಮಾತು ಸಕ್ಕರೆ ಕಾಯಿಲೆಯ ಸಾಲಿನ ಪಕ್ಕದಲ್ಲಿ ಕುಳಿತಿರುವುದರಿಂದಲೇ ಅದು ದಾರಿ ತಪ್ಪಿಸುತ್ತದೆ. ಪರಿಶೀಲಕರು ಅತಿ ಹೆಚ್ಚು ಎಡವುವುದು ಇಲ್ಲಿಯೇ: ದಾಖಲೆ ಇದೆಯೇ ಎಂದು ನೋಡುತ್ತಾರೆ, ಅದು ಹೇಳಿಕೆಗೆ ಸಂಬಂಧಿಸಿದ್ದೇ ಎಂದು ನೋಡುವುದಿಲ್ಲ.

ಸಕ್ಕರೆ ಇಳಿಯುತ್ತದೆ ಎನ್ನಲು ಇದೇ ಮಾಲ್ಟ್ ಕುಡಿದವರನ್ನು, ಕುಡಿಯದ ಹೋಲಿಕೆಯ ಗುಂಪಿನೊಂದಿಗೆ ಪರೀಕ್ಷಿಸಿದ ಅಧ್ಯಯನ ಬೇಕು. ಸಾಮಾನ್ಯವಾಗಿ ಬಳಸುವ ಎಚ್‌ಬಿಎ1ಸಿ ಪರೀಕ್ಷೆಯು ಹಿಂದಿನ ಸುಮಾರು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆಯಾದ್ದರಿಂದ ‘45 ದಿನ’ ಎಂಬ ಗಡುವು ಎಲ್ಲಿಂದ ಬಂತೆಂದು ಕೇಳಲೇಬೇಕು. ಮೊಳಕೆ ಬರಿಸಿದಾಗ ಧಾನ್ಯದ ಪಿಷ್ಟದ ಒಂದು ಭಾಗ ಸಕ್ಕರೆಯಾಗಿ ಒಡೆಯುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಮುದ್ದೆಯ ನಾಡಿನಲ್ಲಿ ರಾಗಿಯ ಮೇಲಿನ ಅಭಿಮಾನ ಸಹಜ, ಅಭಿಮಾನ ಪುರಾವೆಯಾಗುವುದಿಲ್ಲ.

ಅಧ್ಯಯನವಿದ್ದರೂ ಈ ಸಾಲು ಉಳಿಯುವುದಿಲ್ಲ. 2018ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಜಾಹೀರಾತು ಮತ್ತು ಹೇಳಿಕೆಗಳು) ನಿಯಮಾವಳಿಯ ಪ್ರಕಾರ, ಆಹಾರ ಪದಾರ್ಥವು ರೋಗವನ್ನು ತಡೆಯುತ್ತದೆ ಅಥವಾ ಗುಣಪಡಿಸುತ್ತದೆ ಎಂದು ಸೂಚಿಸುವಂತಿಲ್ಲ. ಔಷಧದಂತೆ ಬಣ್ಣಿಸಿದರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳು) ಕಾಯ್ದೆಯೂ ಎದುರಾಗಬಹುದು. ಮಧುಮೇಹ, ರಕ್ತದೊತ್ತಡ, ಬೊಜ್ಜು ಇವೆಲ್ಲ ಅದರ ಅನುಸೂಚಿಯಲ್ಲಿವೆ. ‘ಗುಣ’ ತೆಗೆದು ‘ಹತೋಟಿ’ ಎಂದು ಬರೆದರೆ ಪಾರಾಗಬಹುದೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಆ ಕಾಯ್ದೆ ಗುಣಪಡಿಸುವಿಕೆಯ ಜೊತೆಗೆ ಉಪಶಮನ, ಚಿಕಿತ್ಸೆ, ತಡೆಗಟ್ಟುವಿಕೆಗಳನ್ನೂ ಹೆಸರಿಸುತ್ತದೆ.

ಉಳಿದ ಎರಡು ಸಾಲುಗಳನ್ನು ಬೇಗ ಮುಗಿಸಬಹುದು. ಪೊಟ್ಟಣದ ಮೇಲಿನ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ತಯಾರಕರ ಪರವಾನಗಿ ಅಥವಾ ನೋಂದಣಿಯನ್ನು ತಿಳಿಸುತ್ತದೆಯೇ ಹೊರತು ಹೇಳಿಕೆಗೆ ಸಿಕ್ಕ ಒಪ್ಪಿಗೆಯನ್ನಲ್ಲ, ‘ಅನುಮೋದಿತ’ ಹೋಗಬೇಕು. ‘ಸಕ್ಕರೆ ಸೇರಿಸಿಲ್ಲ’ ಎಂಬುದನ್ನು ಪದಾರ್ಥಗಳ ಪಟ್ಟಿಯ ಜೊತೆ ಹೋಲಿಸಿದಾಗ ಎರಡನೆಯ ಹೆಸರೇ ಬೆಲ್ಲ ಎಂದು ಕಂಡರೆ, ಆ ಸಾಲಿಗೂ ಜಾಗವಿಲ್ಲ.

ಆದಾಯದ ಸಾಲಿಗೆ ಲೆಕ್ಕ ಹಾಕಿ

ಇಲ್ಲಿ ಕಾನೂನು ಪುಸ್ತಕಕ್ಕಿಂತ ಮೊದಲು ಕ್ಯಾಲ್ಕುಲೇಟರ್ ಬೇಕು. ಪೊಟ್ಟಣದ ಬೆಲೆ 180 ರೂಪಾಯಿ, ಡೀಲರ್‌ಗೆ ಸಿಗುವ ದರ 150 ರೂಪಾಯಿ ಎಂದಾದರೆ ಉಳಿಯುವುದು 30 ರೂಪಾಯಿ. 40,000 ರೂಪಾಯಿ ಗಳಿಸಲು ತಿಂಗಳಿಗೆ 1,334 ಪೊಟ್ಟಣ, ಅಂದರೆ ಭಾನುವಾರವೂ ಸೇರಿ ದಿನಕ್ಕೆ ಸುಮಾರು 45 ಪೊಟ್ಟಣ ಮಾರಬೇಕು. ಮನೆಯಲ್ಲೇ ಕುಳಿತು ಇದು ಆಗುವ ಮಾತೇ? ಸಾಗಣೆಯ ಖರ್ಚು, ಮಾರಾಟವಾಗದೆ ಉಳಿದ ಮಾಲು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಆ ಬಳಿಕ ಕಳೆದ ಆರು ತಿಂಗಳ ಎಲ್ಲ ಡೀಲರ್‌ಗಳ ಪಾವತಿ ಪುಸ್ತಕವನ್ನು ಕೇಳಬೇಕು. ‘ಎಲ್ಲ’ ಎಂಬುದಕ್ಕೆ ಒತ್ತು ಇರಲಿ, ಏಕೆಂದರೆ ಕಳುಹಿಸುವುದು ಬಹುತೇಕ ಮೊದಲ ಸ್ಥಾನದವರ ಲೆಕ್ಕವನ್ನೇ. ಹನ್ನೆರಡು ಡೀಲರ್‌ಗಳಲ್ಲಿ ಒಬ್ಬರು ಒಂದು ತಿಂಗಳು 38,000 ಗಳಿಸಿ, ಏಳು ಮಂದಿ ಸರಾಸರಿ 4,000ಕ್ಕಿಂತ ಕಡಿಮೆ ಗಳಿಸಿದ್ದರೆ, ಸೇರಲು ಬರುವವರು ತಿಳಿಯಬೇಕಾದದ್ದು ಆ ಏಳು ಮಂದಿಯ ಕಥೆ. ಸೇರುವವರು ಕಟ್ಟುವ ಹಣದಿಂದಲೋ, ಹೊಸಬರನ್ನು ಸೇರಿಸಿದ್ದಕ್ಕಾಗಿಯೋ ಕಮಿಷನ್ ಬರುತ್ತದೆ ಎಂದು ಗೊತ್ತಾದರೆ ಒಕ್ಕಣೆಯನ್ನು ತಿದ್ದುವ ಗೋಜಿಗೇ ಹೋಗದೆ ಹಿಂದಿರುಗಿಸುವುದು ಕ್ಷೇಮ. ಹಣ ಚಲಾವಣೆ ಯೋಜನೆಗಳನ್ನು 1978ರ ಕಾಯ್ದೆಯೂ, ಪಿರಮಿಡ್ ಯೋಜನೆಗಳನ್ನು 2021ರ ನೇರ ಮಾರಾಟ ನಿಯಮಗಳೂ ನಿಷೇಧಿಸಿವೆ.

ಸಣ್ಣಕ್ಷರದ ಸಾಲು ಮತ್ತು ಮರುಬರಹ

ದಾರಿ ತಪ್ಪಿಸುವ ಜಾಹೀರಾತುಗಳ ತಡೆಗಾಗಿ 2022ರಲ್ಲಿ ಹೊರಬಿದ್ದ ಕೇಂದ್ರ ಮಾರ್ಗಸೂಚಿಯ ಪ್ರಕಾರ, ಷರತ್ತಿನ ಸಾಲು ಮುಖ್ಯ ಹೇಳಿಕೆಯನ್ನು ವಿವರಿಸಬಹುದು, ಅದಕ್ಕೆ ವಿರುದ್ಧವಾಗಿರುವಂತಿಲ್ಲ. ಹೇಳಿಕೆ ಇರುವ ಭಾಷೆಯಲ್ಲೇ, ಎದ್ದು ಕಾಣುವಂತೆ ಇರಬೇಕು. ಕನ್ನಡದಲ್ಲಿ ಆಸೆ ಹುಟ್ಟಿಸಿ ಇಂಗ್ಲಿಷಿನಲ್ಲಿ ಕೈತೊಳೆದುಕೊಳ್ಳುವುದು ಸಲ್ಲದು.

ಇಷ್ಟೆಲ್ಲ ಕಳೆದ ಮೇಲೂ ಹೇಳಲು ಉಳಿಯುವುದುಂಟು. ಘನ ಆಹಾರದ 100 ಗ್ರಾಂನಲ್ಲಿ ಕನಿಷ್ಠ 6 ಗ್ರಾಂ ನಾರಿದ್ದರೆ ‘ಅಧಿಕ ನಾರು’ ಎನ್ನಬಹುದು; ಹಾಗಾಗಿ ಆ ಜೆರಾಕ್ಸ್ ಪ್ರತಿಗೆ ಈಗ ಸರಿಯಾದ ಕೆಲಸ ಸಿಗುತ್ತದೆ. ಎರಡೂ ಚಿತ್ರಗಳನ್ನು ತೆಗೆದು, ಒಕ್ಕಣೆಯನ್ನು ಹೀಗೆ ಬರೆಯಬಹುದು: “ಮೊಳಕೆ ರಾಗಿ ಮಾಲ್ಟ್, ಬೆಲ್ಲ ಸೇರಿಸಿದ್ದು. ಅಧಿಕ ನಾರು: 100 ಗ್ರಾಂನಲ್ಲಿ 7.4 ಗ್ರಾಂ. ಡೀಲರ್‌ಗಳು ಬೇಕಾಗಿದ್ದಾರೆ: ಪೊಟ್ಟಣಕ್ಕೆ 30 ರೂಪಾಯಿ ಉಳಿಕೆ. ಕಳೆದ ಆರು ತಿಂಗಳಲ್ಲಿ 12 ಡೀಲರ್‌ಗಳ ಪೈಕಿ 7 ಮಂದಿಯ ಸರಾಸರಿ ಮಾಸಿಕ ಗಳಿಕೆ 4,000 ರೂಪಾಯಿಗಿಂತ ಕಡಿಮೆ.”

ಜಾಹೀರಾತುದಾರರು ಕೊನೆಯ ವಾಕ್ಯಕ್ಕೆ ಒಪ್ಪದಿದ್ದರೆ ಗಳಿಕೆಯ ಮಾತನ್ನೇ ಕೈಬಿಟ್ಟು ಉಳಿಕೆಯ ದರವನ್ನಷ್ಟೇ ಇಡಬಹುದು. ಹಳೆಯ ಸಾಲಿಗೆ ಮರಳುವಂತಿಲ್ಲ. ಮೂಲ ಒಕ್ಕಣೆ, ಬಂದ ದಾಖಲೆಗಳು, ತಿದ್ದಿದ ಪ್ರತಿ ಮತ್ತು ಒಪ್ಪಿಗೆಯ ಪತ್ರವನ್ನು ದಿನಾಂಕ ಸಹಿತ ಒಂದೇ ಕಡತದಲ್ಲಿ ಇರಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಪ್ರಕಾಶಕರಿಗೂ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ವ್ಯವಹಾರದ ಸಾಮಾನ್ಯ ಕ್ರಮದಲ್ಲಿ ಪ್ರಕಟಿಸಿದ್ದೆಂದು ತೋರಿಸಿದವರಿಗೆ ಕಾಯ್ದೆಯಲ್ಲೇ ರಕ್ಷಣೆಯಿದೆ. ಆದರೆ ಆ ಜಾಹೀರಾತನ್ನು ನಿಲ್ಲಿಸಬೇಕೆಂದು ಪ್ರಾಧಿಕಾರ ಆದೇಶಿಸಿದ್ದು ಮೊದಲೇ ಗೊತ್ತಿದ್ದೂ ಪ್ರಕಟಿಸಿದವರಿಗೆ ಅದು ಸಿಗುವುದಿಲ್ಲ.