ಬಿಡುವಿನ ಪೀರಿಯಡ್ ಎಲ್ಲಿ ಹೋಗುತ್ತದೆ: ಮಂಡ್ಯದ ಹೈಸ್ಕೂಲೊಂದರ ಲೆಕ್ಕ

ಮೇಷ್ಟ್ರು ಸುಸ್ತಾಗಿದ್ದಾರೆ ಎನ್ನುವುದು ಮೊದಲು ಗೊತ್ತಾಗುವುದು ಮುಖದಲ್ಲಲ್ಲ, ತಿದ್ದಿದ ಉತ್ತರ ಪತ್ರಿಕೆಯಲ್ಲಿ. ಕಟ್ಟಿನ ಮೊದಲ ಹದಿನೈದರಲ್ಲಿ 'ಹಂತ ಬಿಟ್ಟಿದ್ದೀಯ, ನೋಡು' ಎಂಬ ಕೆಂಪು ಬರಹ ಇರುತ್ತದೆ. ಆಮೇಲೆ ಬರೀ ಟಿಕ್ಕು. ಕೊನೆಯವಲ್ಲಿ ಟಿಕ್ಕೂ ಇಲ್ಲ, ಒಟ್ಟು ಅಂಕ ಮಾತ್ರ. ಒಂದು ದಿನ ಹೀಗಾದರೆ ಅದು ಆಯಾಸ. ತಿಂಗಳುಗಟ್ಟಲೆ ಹೀಗೇ ನಡೆದು, ಮಕ್ಕಳ ಬಗ್ಗೆ 'ಇವಕ್ಕೆ ಎಷ್ಟು ಹೇಳಿದರೂ ಅಷ್ಟೇ' ಎಂಬ ಮಾತು ಶುರುವಾಗಿ, ತನ್ನ ಪಾಠದಿಂದ ಏನೂ ಆಗುತ್ತಿಲ್ಲ ಅನ್ನಿಸತೊಡಗಿದರೆ ಅದು ಬರ್ನ್‌ಔಟ್. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮೂರು ಲಕ್ಷಣಗಳೂ ಇವೇ: ಬಳಲಿಕೆ, ಕೆಲಸದಿಂದ ಮನಸ್ಸು ದೂರವಾಗುವುದು, ಕೈಲಾಗುತ್ತಿಲ್ಲ ಎಂಬ ಭಾವ. ಸಂಸ್ಥೆ ಇದನ್ನು ಕಾಯಿಲೆ ಎಂದು ಕರೆದಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದಿದೆ. ಹಾಗಾಗಿ ನಾವು ಪ್ರಾಣಾಯಾಮಕ್ಕೆ ಹೋಗುವ ಮೊದಲು ವೇಳಾಪಟ್ಟಿ ಹಿಡಿದು ಕೂತೆವು.

ಆರು ಸೆಕ್ಷನ್, ಹತ್ತು ಜನ ಶಿಕ್ಷಕರು. ಸೆಕ್ಷನ್‌ಗೆ ವಾರಕ್ಕೆ 45 ಪೀರಿಯಡ್ ಎಂದರೆ ಒಟ್ಟು 270, ತಲೆಗೆ 27. ಉಳಿದ 18 ಬಿಡುವು. ಒಂದಕ್ಕೆ 40 ನಿಮಿಷದಂತೆ 720 ನಿಮಿಷ. ಕಾಗದದ ಮೇಲೆ ಧಾರಾಳವಾಗಿಯೇ ಇದೆ.

ಈಗ ಇಬ್ಬರು ವಾರವಿಡೀ ತರಬೇತಿಗೋ ಚುನಾವಣಾ ಕೆಲಸಕ್ಕೋ ಹೋದರು ಎನ್ನಿ. ಅವರ 54 ಪೀರಿಯಡ್‌ಗಳನ್ನು ಉಳಿದ ಎಂಟು ಜನ ನೋಡಿಕೊಳ್ಳಬೇಕು. ಸಮನಾಗಿ ಹಂಚಿದರೂ ತಲೆಗೆ ಸುಮಾರು ಏಳು. ಬಿಡುವು 11ಕ್ಕೆ, ಅಂದರೆ 440 ನಿಮಿಷಕ್ಕೆ ಇಳಿಯಿತು. ಆದರೆ ಸಮನಾಗಿ ಹಂಚುವವರು ಯಾರು? ಬಾಗಿಲಲ್ಲಿ ನಿಂತು "ಮಿಸ್, ಒಂಬತ್ತು ಬಿ ಒಸಿ ನೋಡ್ಕೊಳಿ" ಎಂದರೆ ಇಲ್ಲ ಅನ್ನದವರ ಪಾಲಿಗೆ ಹನ್ನೆರಡು ಬೀಳುತ್ತದೆ. ಸಾಮಾನ್ಯವಾಗಿ ಅವರು ಅತಿಥಿ ಶಿಕ್ಷಕರು, ಹೊಸಬರು, ಪಿಟಿ ಮೇಷ್ಟ್ರು. ಅವರಿಗೆ ಉಳಿಯುವುದು 240 ನಿಮಿಷ.

ಅದೇ ವಾರ ಎಫ್‌ಎ ಪರೀಕ್ಷೆ ಬಂದರೆ ಕತೆ ಮುಗಿಯಿತು. ಗಣಿತದವರಿಗೆ ನಾಲ್ಕು ಸೆಕ್ಷನ್, ತಲಾ 40 ಮಕ್ಕಳು, 160 ಪತ್ರಿಕೆ. ಒಂದಕ್ಕೆ ನಾಲ್ಕು ನಿಮಿಷ ಹಿಡಿದರೂ 640 ನಿಮಿಷ. ಸಮನಾಗಿ ಹಂಚಿದ್ದರೆ 200 ನಿಮಿಷದ ಕೆಲಸ ಮನೆಗೆ ಹೋಗುತ್ತದೆ, ಹನ್ನೆರಡು ಬಿದ್ದವರಿಗೆ 400. ಬರಹದ ಬದಲು ಬರೀ ಟಿಕ್ಕು ಬರುವುದು ಇಲ್ಲಿಂದ.

ನಾವು ಮಾಡಿದ ಮೊದಲ ಕೆಲಸ ಬದಲಿ ಪೀರಿಯಡ್‌ಗೊಂದು ಪುಸ್ತಕ. ದಿನಾಂಕ, ತರಗತಿ, ಯಾರ ಬದಲು, ಯಾರು ಹೋದರು, ಸಹಿ. ಪುಟದ ಕೊನೆಗೆ ಪ್ರತಿಯೊಬ್ಬರ ವಾರದ ಮೊತ್ತ. ದಿನಕ್ಕೆ ಒಬ್ಬರಿಗೆ ಎರಡಕ್ಕಿಂತ ಹೆಚ್ಚಿಲ್ಲ. ಪ್ರತಿಯೊಬ್ಬರಿಗೂ ದಿನಕ್ಕೊಂದು ಬಿಡುವು ಮೀಸಲು, ಅದನ್ನು ಎಚ್‌ಎಂ ಕೂಡ ಮುಟ್ಟುವಂತಿಲ್ಲ. ಹಂಚಲು ಜನ ಸಾಲದಿದ್ದರೆ ಒಂದೇ ತರಗತಿಯ ಎರಡು ಸೆಕ್ಷನ್‌ಗಳನ್ನು ಸಭಾಂಗಣದಲ್ಲಿ ಒಟ್ಟಿಗೆ ಕೂರಿಸುತ್ತೇವೆ. ಎಂಬತ್ತು ಮಕ್ಕಳಿಗೆ ಹೊಸ ಪಾಠ ನಡೆಯದು, ಗದ್ದಲವಾಗುತ್ತದೆ. ಅದಕ್ಕೆ ಪ್ರತಿ ವಿಷಯದವರೂ ತಿಂಗಳ ಮೊದಲೇ ಎರಡೆರಡು ಅಭ್ಯಾಸ ಹಾಳೆ ಬರೆದು ಕಪಾಟಿನಲ್ಲಿ ಇಟ್ಟಿರಬೇಕು. ಹಾಳೆ ಇಲ್ಲದ ದಿನ ಈ ಏರ್ಪಾಟು ಬಿದ್ದುಹೋಗುತ್ತದೆ.

ಪುಸ್ತಕಕ್ಕೂ ಒಂದು ಅಪಾಯ ಇದೆ. ಯಾರು ಎಷ್ಟು ರಜೆ ಹಾಕಿದರು ಎಂದು ಎಣಿಸಲು ಅದನ್ನು ಬಳಸಿದ ದಿನವೇ ಜನ ಸಹಿ ಹಾಕುವುದು ನಿಲ್ಲಿಸುತ್ತಾರೆ. ರಜೆಯ ಲೆಕ್ಕಕ್ಕೆ ಹಾಜರಾತಿ ಪುಸ್ತಕ ಬೇರೆಯೇ ಇದೆಯಲ್ಲ.

ಎರಡನೆಯದು ಪರೀಕ್ಷೆ ಬಿಡಿಸಿ ಇಡುವುದು. ಎಫ್‌ಎ ಅನ್ನು ವಾರಕ್ಕೆ ಎರಡೇ ಸೆಕ್ಷನ್‌ಗೆ ಇಟ್ಟರೆ 80 ಪತ್ರಿಕೆ, 320 ನಿಮಿಷ. ಇಬ್ಬರು ಇಲ್ಲದ ವಾರದ 440 ನಿಮಿಷದಲ್ಲೂ ಇದು ಹಿಡಿಸುತ್ತದೆ. ಎರಡನೇ ಗುಂಪಿಗೆ ಪ್ರಶ್ನೆ ಪತ್ರಿಕೆ ಬೇರೆ ಬರೆಯಬೇಕು ಎನ್ನುವುದೊಂದೇ ಹೆಚ್ಚಿನ ಹೊರೆ. ಇನ್ನೊಂದು, ಪತ್ರಿಕೆ ಪತ್ರಿಕೆಯಾಗಿ ತಿದ್ದದೆ ಪ್ರಶ್ನೆ ಪ್ರಶ್ನೆಯಾಗಿ ತಿದ್ದುವುದು: ಎಲ್ಲರ ಮೂರನೇ ಪ್ರಶ್ನೆ ಮುಗಿಸಿ ನಾಲ್ಕಕ್ಕೆ ಹೋಗಬೇಕು. ಅಂಕ ಕೊಡುವ ಅಳತೆ ತಲೆಯಲ್ಲೇ ಇರುತ್ತದೆ, ಒಂದೇ ತಪ್ಪು ಇಪ್ಪತ್ತು ಕಡೆ ಕಂಡರೆ ಇಪ್ಪತ್ತು ಸಲ ಬರೆಯದೆ ಮರುದಿನ ಬೋರ್ಡಿನ ಮೇಲೆ ಒಮ್ಮೆ ಹೇಳಿದರೆ ಸಾಕು.

ಇದರಿಂದ ಆಗದ್ದೂ ಇದೆ. ಖಾಲಿ ಹುದ್ದೆಯನ್ನು ಯಾವ ಪುಸ್ತಕವೂ ತುಂಬದು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರಕ್ಕೆ ಶಿಕ್ಷಕರನ್ನು ಕರೆಯಲು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ನೇ ಅವಕಾಶ ಕೊಟ್ಟಿದೆ, ಅದನ್ನು ತಪ್ಪಿಸಲಾಗದು. ಎಚ್‌ಎಂ ಮಾಡಬಹುದಾದದ್ದು ಒಂದೇ ವಿಷಯದ ಇಬ್ಬರೂ ಒಟ್ಟಿಗೆ ಹೋಗದಂತೆ ಮೊದಲೇ ಲಿಖಿತವಾಗಿ ಕೇಳಿಕೊಳ್ಳುವುದು.

ಹೊರೆ ಇಳಿಸಿದ ಮೇಲೂ ಎರಡು ವಾರ ಸರಿಯಾಗಿ ನಿದ್ದೆ ಬಾರದಿದ್ದರೆ, ರಜೆಯಲ್ಲೂ ಮನಸ್ಸು ಏಳದಿದ್ದರೆ, ಬದುಕೇ ಬೇಡ ಎಂಬ ಮಾತು ಒಮ್ಮೆ ಬಂದರೂ, ಅದು ವೇಳಾಪಟ್ಟಿಯ ವಿಷಯವಲ್ಲ. ಆಗ ಸ್ಟಾಫ್ ರೂಮಿನ ಸಲಹೆ ಬಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಟೆಲಿ ಮಾನಸ್ 14416 ಉಚಿತ, ಇಪ್ಪತ್ನಾಲ್ಕು ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ಬದಲಿ ಪುಸ್ತಕದ ರಟ್ಟಿನ ಒಳಬದಿಯಲ್ಲಿ ಬರೆದಿದ್ದೇವೆ. ನೋಟಿಸ್ ಬೋರ್ಡಿನಲ್ಲಿ ಹಾಕಿದರೆ ಎಲ್ಲರ ಕಣ್ಣೆದುರು ನಿಂತು ಬರೆದುಕೊಳ್ಳಲು ಯಾರೂ ಒಪ್ಪುವುದಿಲ್ಲ.