ಬಿನ್ ಅಗಲ 14ರಿಂದ 5ಕ್ಕೆ ಇಳಿಸಿದಾಗ ಹಿಸ್ಟೋಗ್ರಾಮ್‌ನಲ್ಲಿ ಕಂಡ ಎರಡು ದಿಬ್ಬ

ನಮ್ಮ ಹೆಲ್ಪ್‌ಡೆಸ್ಕ್‌ಗೆ ಒಂದು ತಿಂಗಳಲ್ಲಿ ಬಂದ 216 ದೂರುಗಳ ಪಟ್ಟಿ ನನ್ನ ಮುಂದಿತ್ತು. ಪ್ರತಿ ದೂರು ಬಗೆಹರಿಯಲು ಎಷ್ಟು ಹೊತ್ತು ಹಿಡಿಯಿತು ಅನ್ನೋದು ಒಂದು ಕಾಲಂನಲ್ಲಿ ಇತ್ತು. ಸರಾಸರಿ ಲೆಕ್ಕ ಹಾಕಿದರೆ ಸುಮಾರು 20 ನಿಮಿಷ ಬರುತ್ತಿತ್ತು. ವರದಿಯಲ್ಲಿ ಪ್ರತಿ ತಿಂಗಳೂ ಆ ಒಂದು ಅಂಕಿಯನ್ನೇ ಬರೆಯುತ್ತಿದ್ದೆವು. ಆದರೆ ದಿನವಿಡೀ ದೂರು ನೋಡುವ ನನಗೆ 20 ನಿಮಿಷದ ದೂರು ಅಷ್ಟಾಗಿ ಕಂಡ ನೆನಪೇ ಇರಲಿಲ್ಲ. ಒಂದೋ ಬೇಗ ಮುಗಿಯುತ್ತಿತ್ತು, ಇಲ್ಲ ಅರ್ಧ ಗಂಟೆಯ ಹತ್ತಿರಕ್ಕೆ ಎಳೆಯುತ್ತಿತ್ತು. ಇದು ನಿಜವೋ ನನ್ನ ಭ್ರಮೆಯೋ ನೋಡೋಣ ಅಂತ ಎಕ್ಸೆಲ್‌ನಲ್ಲಿ ಹಿಸ್ಟೋಗ್ರಾಮ್ ಹಾಕಲು ಕೂತೆ. ಸಮಯವನ್ನು ಸಮನಾದ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನಲ್ಲಿ ಎಷ್ಟು ದೂರು ಬಿದ್ದಿವೆ ಅಂತ ಕಂಬಗಳಲ್ಲಿ ತೋರಿಸುವ ಚಾರ್ಟ್ ಅದು; ಆ ಒಂದೊಂದು ತುಂಡೇ ಬಿನ್.

ಚಾರ್ಟ್‌ಗೆ ಮೊದಲು ಡೇಟಾ ಸರಿ ಮಾಡಬೇಕಿತ್ತು. ಸಮಯವನ್ನು ನಮ್ಮವರು `0:08`, `0:25` ಅಂತ ಟೈಪ್ ಮಾಡುತ್ತಾರೆ. ನೋಡಲು ಅದು ನಿಮಿಷದ ಹಾಗೆ ಕಾಣುತ್ತದೆ, ಆದರೆ ಎಕ್ಸೆಲ್ ಒಳಗೆ ಅದನ್ನು ದಿನದ ಭಾಗವಾಗಿ ಇಟ್ಟುಕೊಂಡಿರುತ್ತದೆ. ಪೂರ್ತಿ ಒಂದು ದಿನ ಅಂದರೆ 1, ಐದು ನಿಮಿಷ ಅಂದರೆ ಸುಮಾರು 0.0035. ಹಿಂದೊಮ್ಮೆ ಇದು ಗೊತ್ತಿಲ್ಲದೆ ಇಂಥ ಕಾಲಂನ ಮೇಲೆಯೇ ಚಾರ್ಟ್ ಹಾಕಿ ಬಿನ್ ಅಗಲ 5 ಅಂತ ಕೊಟ್ಟಿದ್ದೆ. ಎಲ್ಲ ದೂರುಗಳೂ ಒಂದೇ ದೊಡ್ಡ ಕಂಬದೊಳಗೆ ಹೋಗಿ ಕೂತವು. ನಾನು ಕೇಳಿದ್ದು ಐದು ನಿಮಿಷ, ಎಕ್ಸೆಲ್ ತಿಳಿದುಕೊಂಡಿದ್ದು ಐದು ದಿನ. ಈ ಸಲ ಪಕ್ಕದ D ಕಾಲಂನಲ್ಲಿ ನಿಮಿಷಕ್ಕೆ ಬದಲಾಯಿಸಿಕೊಂಡೆ. ಒಂದು ದಿನಕ್ಕೆ 1440 ನಿಮಿಷ ಅಲ್ವಾ, ಅದರಿಂದ ಗುಣಿಸಿದರೆ ಆಯಿತು:

```
=ROUND(C2*1440,0)
```

`ROUND` ಬೇಕೇ ಬೇಕು. ಅದಿಲ್ಲದಿದ್ದರೆ 10 ಆಗಬೇಕಾದ್ದು ಒಳಗೊಳಗೆ 10ಕ್ಕಿಂತ ಕೂದಲೆಳೆಯಷ್ಟು ಹೆಚ್ಚೋ ಕಮ್ಮಿಯೋ ಆಗಿ ಪಕ್ಕದ ಬಿನ್‌ಗೆ ಜಾರಬಹುದು. ಕಾಲಂನ ಫಾರ್ಮ್ಯಾಟ್ ಅನ್ನು `General`ಗೆ ತಂದು, ಕೆಳಗೆ `=COUNT(D2:D217)` ಹಾಕಿ ನೋಡಿದೆ. 216 ಬಂತು. ಇದು ಕಮ್ಮಿ ಬಂದರೆ C ಕಾಲಂನಲ್ಲಿ ಕೆಲವು ಕಡೆ ಎಕ್ಸೆಲ್‌ಗೆ ಸಮಯವಾಗಿ ಓದಲಾಗದ ಪಠ್ಯ ಕೂತಿದೆ ಅಂತ ಅರ್ಥ, ಅವನ್ನು ಮೊದಲು ಸರಿಪಡಿಸಬೇಕು.

ಚಾರ್ಟ್ ಹಾಕೋದು ಎರಡು ಕ್ಲಿಕ್ಕಿನ ಕೆಲಸ. D ಕಾಲಂ ಆಯ್ಕೆ ಮಾಡಿ, `Insert` ಟ್ಯಾಬ್‌ನಲ್ಲಿ `Insert Statistic Chart` ಒತ್ತಿ `Histogram` ಆರಿಸಿದೆ. ಇದು ಎಕ್ಸೆಲ್ 2016ರಿಂದ ಈಚೆಗೆ ಬಂದ ಚಾರ್ಟ್. ಅದಕ್ಕಿಂತ ಹಳೆಯದರಲ್ಲಿ ಬಿನ್‌ಗಳ ಪಟ್ಟಿಯನ್ನು ನಾವೇ ಬರೆದು `FREQUENCY` ಸೂತ್ರದಿಂದ ಎಣಿಸಿ ಕಾಲಂ ಚಾರ್ಟ್ ಹಾಕುತ್ತಿದ್ದೆವು.

ಬಂದ ಚಿತ್ರ ನೋಡಿ ಬೇಜಾರಾಯಿತು. ಎಡಗಡೆ ಎರಡು ಎತ್ತರದ ಕಂಬ, ಆಮೇಲೆ ಒಂದು ಗಿಡ್ಡದ್ದು, ಅಲ್ಲಿಂದ ಬಲಕ್ಕೆ ಬಹುಪಾಲು ಖಾಲಿ ಜಾಗ. ಮೊದಲ ಕಂಬದ ಕೆಳಗೆ `[3, 17]`, ಎರಡನೆಯದರ ಕೆಳಗೆ `(17, 31]`. ಮೊದಲನೆಯದರಲ್ಲಿ 117 ದೂರು, ಎರಡನೆಯದರಲ್ಲಿ 85, ಮೂರನೆಯದರಲ್ಲಿ 9. ಪಕ್ಕದಲ್ಲಿದ್ದ ಸಹೋದ್ಯೋಗಿ ನೋಡಿ, "ಜಾಸ್ತಿ ದೂರು ಬೇಗ ಮುಗಿತಾ ಇವೆ, ಆಮೇಲೆ ಇಳೀತಾ ಹೋಗಿದೆ, ಅಷ್ಟೇ ಅಲ್ವಾ?" ಅಂದರು. ಆ ಚಿತ್ರ ನೋಡಿದ ಯಾರಿಗಾದರೂ ಹಾಗೇ ಅನ್ನಿಸುತ್ತದೆ.

14 ನಿಮಿಷದ ಅಗಲ ಎಲ್ಲಿಂದ ಬಂತು ಅಂತ ಹುಡುಕಿದಾಗ ವಿಷಯ ಬಿಡಿಸಿಕೊಂಡಿತು. ನಾವು ಏನೂ ಹೇಳದಿದ್ದರೆ ಎಕ್ಸೆಲ್ ಸ್ಕಾಟ್ ನಿಯಮ ಅನ್ನೋ ಸೂತ್ರದಿಂದ ಬಿನ್ ಅಗಲ ತೀರ್ಮಾನಿಸುತ್ತದೆ. ಅದನ್ನು ನಾವೇ ಒಂದು ಸೆಲ್‌ನಲ್ಲಿ ಲೆಕ್ಕ ಹಾಕಿ ನೋಡಬಹುದು:

```
=3.5*STDEV.S(D2:D217)/COUNT(D2:D217)^(1/3)
```

ನನ್ನ ಡೇಟಾದಲ್ಲಿ ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋದರ ಅಳತೆ, ಸುಮಾರು 24. 216ರ ಘನಮೂಲ 6. ಮೂರೂವರೆಯನ್ನು 24ರಿಂದ ಗುಣಿಸಿ 6ರಿಂದ ಭಾಗಿಸಿದರೆ 14. ಲೆಕ್ಕದಲ್ಲಿ ತಪ್ಪಿಲ್ಲ. ತೊಂದರೆ ಇದ್ದದ್ದು ಆ 24ರಲ್ಲಿ. ಡೇಟಾವನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ನೋಡಿದರೆ ಮೇಲೆ ಐದು ದೂರುಗಳಿದ್ದವು: 238, 190, 150, 100, 75 ನಿಮಿಷ. ಆರನೆಯದು 40 ನಿಮಿಷಕ್ಕಿಂತ ಕೆಳಗೆ. ಈ ಐದನ್ನು ಬಿಟ್ಟು ಲೆಕ್ಕ ಹಾಕಿದರೆ ಸ್ಟ್ಯಾಂಡರ್ಡ್ ಡೀವಿಯೇಶನ್ ಸುಮಾರು 9ಕ್ಕೆ ಇಳಿಯಿತು, ಬಿನ್ ಅಗಲ 5.3ರ ಹತ್ತಿರ ಬಂತು. ಅಂದರೆ ಐದು ದೂರುಗಳು ಸೇರಿಕೊಂಡು ಉಳಿದ 211ರ ಚಿತ್ರವನ್ನು ದಪ್ಪ ಕಂಬಗಳೊಳಗೆ ಮುಚ್ಚಿಹಾಕಿದ್ದವು. ಈ ನಿಯಮ ಒಂದೇ ದಿಬ್ಬ ಇರುವ, ಎರಡೂ ಕಡೆ ಸಮನಾಗಿ ಇಳಿಯುವ ಡೇಟಾವನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದ್ದು. ಸಮಯದ ಡೇಟಾ ಹಾಗಿರೋದು ಅಪರೂಪ.

ಸರಿ, ಅಗಲ ಬದಲಾಯಿಸೋಣ ಅಂತ ಹೊರಟೆ. ಬಿನ್ ಆಯ್ಕೆ ಅಡಗಿರುವ ಜಾಗ ಗೊತ್ತಿಲ್ಲದಿದ್ದರೆ ಇಲ್ಲಿ ತುಂಬಾ ಹೊತ್ತು ಹೋಗುತ್ತದೆ. ಕಂಬದ ಅಗಲ ಬದಲಾಯಿಸಬೇಕು ಅಂದಾಗ ಕೈ ಸಹಜವಾಗಿ ಕಂಬದ ಮೇಲೆಯೇ ಹೋಗುತ್ತದೆ. ಅಲ್ಲಿ ಸಿಗೋದು `Gap Width` ಮಾತ್ರ, ಅದು ಕಂಬಗಳ ನಡುವಿನ ಸಂದಿ. ನಿಲುವಿನ ಅಕ್ಷದ ಮೇಲೆ ಒತ್ತಿದರೆ ಎಣಿಕೆಯ ಮಿತಿಗಳು ಸಿಗುತ್ತವೆ. ಬಿನ್ ಸಿಗೋದು ಅಡ್ಡ ಅಕ್ಷದಲ್ಲಿ. `[3, 17]` ಅಂತ ಬರೆದಿರುವ ಆ ಲೇಬಲ್‌ಗಳ ಮೇಲೆಯೇ ಬಲ ಕ್ಲಿಕ್ ಮಾಡಿ `Format Axis` ಒತ್ತಬೇಕು. ಬಲಗಡೆ ತೆರೆಯುವ ಪಟ್ಟಿಯಲ್ಲಿ `Axis Options` ಕೆಳಗೆ `Bins` ಇರುತ್ತದೆ.

ಅಲ್ಲಿ `Automatic`, `Bin width`, `Number of bins` ಇವುಗಳಲ್ಲಿ ಒಂದನ್ನು ಮಾತ್ರ ಆರಿಸಬಹುದು. ನಾನು ಯಾವಾಗಲೂ `Bin width` ಆರಿಸುತ್ತೇನೆ. ಬಿನ್ ಸಂಖ್ಯೆ ಕೊಟ್ಟರೆ ಅಗಲ 5.6, 7.3 ಅಂತ ಏನೇನೋ ಬರುತ್ತದೆ, ಓದುವವರಿಗೆ ಅದು ಯಾವ ಹೊತ್ತು ಅಂತ ಹೊಳೆಯೋದಿಲ್ಲ. ಅಗಲಕ್ಕೆ 5 ಕೊಟ್ಟು ಎಂಟರ್ ಒತ್ತಿದೆ. ಚಿತ್ರ ಬದಲಾಯಿತು, ಆದರೆ ಕಂಬಗಳು `[3, 8]`, `(8, 13]` ಅಂತ ಶುರುವಾದವು. ಡೇಟಾದಲ್ಲಿರುವ ಅತಿ ಚಿಕ್ಕ ಅಂಕಿಯಿಂದಲೇ ಎಕ್ಸೆಲ್ ಮೊದಲ ಬಿನ್ ಶುರು ಮಾಡುತ್ತದೆ. ಎಲ್ಲಿಂದ ಶುರುವಾಗಬೇಕು ಅಂತ ಹೇಳುವ ಜಾಗ ಪಟ್ಟಿಯಲ್ಲಿ ನೇರವಾಗಿ ಇಲ್ಲ. ಅದಕ್ಕೆ ದಾರಿ `Underflow bin`. ಅದರ ಮುಂದೆ ಟಿಕ್ ಹಾಕಿ 5 ಅಂತ ಬರೆದೆ. ಆಗ 5 ಮತ್ತು ಅದಕ್ಕಿಂತ ಕಮ್ಮಿ ಇರುವುದೆಲ್ಲ ಮೊದಲ ಕಂಬಕ್ಕೆ ಹೋಯಿತು, ಮುಂದಿನವು `(5, 10]`, `(10, 15]` ಅಂತ ಅಚ್ಚುಕಟ್ಟಾಗಿ ಕೂತವು. ಹಾಗೇ `Overflow bin`ಗೆ 40 ಕೊಟ್ಟೆ. ಆ ಐದು ಉದ್ದದ ದೂರುಗಳು ಕೊನೆಯ ಒಂದೇ ಕಂಬದಲ್ಲಿ ಸೇರಿಕೊಂಡು, ಬಲಗಡೆಯ ಖಾಲಿ ಜಾಗ ಹೋಯಿತು. ಅವನ್ನು ಅಳಿಸಿಲ್ಲ, ಎಣಿಕೆಯಲ್ಲಿ ಇವೆ. ಇದು ನನಗೆ ಮುಖ್ಯ.

ಈಗ ಎಡದಿಂದ ಬಲಕ್ಕೆ ಕಂಬಗಳು ಹೀಗಿದ್ದವು: 21, 58, 31, 17, 44, 29, 8, 3, 5. ಐದರಿಂದ ಹತ್ತು ನಿಮಿಷದ ಕಡೆ ಒಂದು ದಿಬ್ಬ, 15ರಿಂದ 20ರಲ್ಲಿ ತಗ್ಗು, 20ರಿಂದ 25ರಲ್ಲಿ ಇನ್ನೊಂದು ದಿಬ್ಬ. ನಾವು ತಿಂಗಳುಗಟ್ಟಲೆ ಬರೆದುಕೊಂಡು ಬಂದಿದ್ದ ಸರಾಸರಿ 20 ನಿಮಿಷ ಆ ತಗ್ಗಿನ ಅಂಚಿನಲ್ಲೇ ಇತ್ತು!

ಅಗಲ ಇನ್ನೂ ಕಮ್ಮಿ ಮಾಡಿದರೆ ಇನ್ನೂ ಚೆನ್ನಾಗಿ ಕಾಣಬಹುದಾ ಅಂತ 1 ಕೊಟ್ಟು ನೋಡಿದೆ. ಚಾರ್ಟ್ ಬಾಚಣಿಗೆಯ ಹಾಗಾಯಿತು. ಆದರೆ ಅದರಲ್ಲೂ ಒಂದು ಸಂಗತಿ ಕಣ್ಣಿಗೆ ಬಿತ್ತು. 5, 10, 15, 25ರಲ್ಲಿ ಕಂಬಗಳು ಪಕ್ಕದವಕ್ಕಿಂತ ತಲೆ ಎತ್ತಿ ನಿಂತಿದ್ದವು. 10 ನಿಮಿಷ ಅಂತ ಬರೆದ ದೂರುಗಳೇ 19. ಸಮಯವನ್ನು ಕೈಯಲ್ಲಿ ಬರೆಯುವಾಗ 9 ಆದರೂ 11 ಆದರೂ 10 ಅಂತ ಬರೆಯೋದು ರೂಢಿ. ಆದ್ದರಿಂದ 5ಕ್ಕಿಂತ ಚಿಕ್ಕ ಅಗಲದಲ್ಲಿ ನಾನು ನೋಡುತ್ತಿದ್ದದ್ದು ಬರೆಯುವವರ ಅಭ್ಯಾಸವನ್ನೇ ಹೊರತು ದೂರುಗಳ ನಿಜವಾದ ಸಮಯವನ್ನಲ್ಲ.

ಇದೇ ಕಾರಣಕ್ಕೆ ಇನ್ನೊಂದು ಪರೀಕ್ಷೆ ಮಾಡಿದೆ. `(5, 10]` ಅನ್ನೋ ಲೇಬಲ್‌ನಲ್ಲಿ ಎಡಗಡೆಯ ದುಂಡು ಕಂಸದ ಅರ್ಥ 5 ಇದರಲ್ಲಿ ಸೇರಿಲ್ಲ, ಬಲಗಡೆಯ ಚೌಕ ಕಂಸದ ಅರ್ಥ 10 ಸೇರಿದೆ. ಹಾಗಾಗಿ ಸರಿಯಾಗಿ 10 ಅಂತ ಬರೆದ ಆ 19 ದೂರುಗಳೂ ಎಡಗಡೆಯ ಕಂಬಕ್ಕೇ ಹೋಗುತ್ತವೆ. ಅವನ್ನು ಬಲಗಡೆಗೆ ತಳ್ಳಿದರೆ ಎರಡು ದಿಬ್ಬ ಉಳಿಯುತ್ತವಾ? ಡೇಟಾ ಪೂರ್ಣಾಂಕದಲ್ಲಿ ಇರೋದರಿಂದ ಇದು ಸುಲಭ. `Underflow bin`ಗೆ 5ರ ಬದಲು 4, `Overflow bin`ಗೆ 40ರ ಬದಲು 39 ಕೊಟ್ಟರೆ ಸಾಕು. ಆಗ ಕಂಬಗಳು 5ರಿಂದ 9, 10ರಿಂದ 14 ಅಂತ ಆಗುತ್ತವೆ. ಮೊದಲ ಏಳು ಕಂಬಗಳ ಎಣಿಕೆಗಳು 12, 48, 42, 19, 34, 40, 11 ಅಂತ ಬಂದವು. ತಗ್ಗು ಅಲ್ಲೇ ಉಳಿಯಿತು, ದಿಬ್ಬಗಳೂ ಎರಡೇ. ಆದರೆ ಎರಡನೇ ದಿಬ್ಬದ ತುದಿ ಒಂದು ಕಂಬ ಬಲಕ್ಕೆ ಸರಿದಿತ್ತು. ಆದ್ದರಿಂದ ವರದಿಯಲ್ಲಿ "20ರಿಂದ 25 ನಿಮಿಷ" ಅಂತ ಬಿಗಿಯಾಗಿ ಬರೆಯದೆ, "25ರ ಆಸುಪಾಸು" ಅಂತ ಬರೆದೆ. ಚಾರ್ಟ್‌ನ ಎಣಿಕೆ ನನ್ನ ಓದಿಗೆ ಹೊಂದುತ್ತದಾ ಅಂತ ಒಂದು ಕಂಬವನ್ನು ಸೂತ್ರದಿಂದಲೂ ತಾಳೆ ನೋಡಿದೆ:

```
=COUNTIFS(D2:D217,">5",D2:D217,"<=10")
```

58 ಬಂತು. ಮೊದಲು ಇಟ್ಟ ಚಾರ್ಟ್‌ನಲ್ಲೂ ಅಷ್ಟೇ ಇತ್ತು.

ಎರಡು ದಿಬ್ಬ ಕಂಡ ಮೇಲೆ ಎರಡು ಬಗೆಯ ಕೆಲಸ ಒಟ್ಟಿಗೆ ಸೇರಿದೆ ಅನ್ನೋ ಅನುಮಾನ ಬಂತು. ನಮ್ಮ ಪಟ್ಟಿಯಲ್ಲಿ ದೂರು ಇನ್ನೊಂದು ತಂಡಕ್ಕೆ ದಾಟಿತೋ ಇಲ್ಲವೋ ಅನ್ನೋ ಕಾಲಂ ಇದೆ. ಅದರ ಪ್ರಕಾರ ನಿಮಿಷಗಳನ್ನು ಎರಡು ಬೇರೆ ಕಾಲಂಗಳಿಗೆ ನಕಲು ಮಾಡಿದೆ. ನಮ್ಮಲ್ಲೇ ಮುಗಿದವು 131, ದಾಟಿದವು 85. ಎಕ್ಸೆಲ್‌ನ ಈ ಚಾರ್ಟ್‌ನಲ್ಲಿ ಎರಡನ್ನು ಒಂದರ ಮೇಲೊಂದು ಹಾಕಿ ತೋರಿಸಲು ಆಗೋದಿಲ್ಲ. ಆದ್ದರಿಂದ ಎರಡು ಚಾರ್ಟ್ ಮಾಡಿ ಒಂದರ ಕೆಳಗೊಂದು ಇಟ್ಟೆ. ಎರಡಕ್ಕೂ ಅಗಲ 5, ಕೆಳಗಿನ ಮಿತಿ 5, ಮೇಲಿನ ಮಿತಿ 40 ಅಂತ ಕೈಯಾರೆ ಕೊಟ್ಟೆ. ನಿಲುವಿನ ಅಕ್ಷದ ಗರಿಷ್ಠವನ್ನೂ ಎರಡರಲ್ಲಿ ಒಂದೇ ಮಾಡಿದೆ. ಹೀಗೆ ಮಾಡದಿದ್ದರೆ ಪ್ರತಿ ಚಾರ್ಟ್ ತನ್ನ ಡೇಟಾಗೆ ತಕ್ಕ ಅಗಲ ತಾನೇ ಆರಿಸಿಕೊಳ್ಳುತ್ತದೆ, ಆಗ ಮೇಲಿನ ಕಂಬವನ್ನು ಕೆಳಗಿನ ಕಂಬದ ಜೊತೆ ಹೋಲಿಸಲು ಆಗೋದಿಲ್ಲ.

ಮೇಲಿನ ಚಾರ್ಟ್‌ನಲ್ಲಿ ಒಂದೇ ದಿಬ್ಬ, 5ರಿಂದ 10ರಲ್ಲಿ. ಕೆಳಗಿನದರಲ್ಲೂ ಒಂದೇ, 25ರ ಆಸುಪಾಸು. ಮಧ್ಯದ ತಗ್ಗು ಎರಡರಲ್ಲೂ ಇರಲಿಲ್ಲ.

ಉಳಿದ ಆ ಐದು ದೂರುಗಳನ್ನು ಒಂದೊಂದಾಗಿ ತೆರೆದು ನೋಡಿದೆ. 238 ಮತ್ತು 190 ನಿಮಿಷದವು ಕೆಲಸ ಮುಗಿದ ಮೇಲೂ ದೂರನ್ನು ಮುಚ್ಚಲು ಮರೆತವು. ಮೂರು ಮಾತ್ರ ನಿಜವಾಗಿಯೂ ಅಷ್ಟು ಹೊತ್ತು ಹಿಡಿದಿದ್ದವು. ಈಗ ತಿಂಗಳ ವರದಿಯಲ್ಲಿ ಸರಾಸರಿಯ ಬದಲು ಈ ಎರಡು ಚಾರ್ಟ್‌ಗಳು ಹೋಗುತ್ತವೆ. ಕೆಳಗೆ ಸಣ್ಣ ಅಕ್ಷರದಲ್ಲಿ ಬಿನ್ ಅಗಲ 5 ನಿಮಿಷ, 40 ದಾಟಿದವು ಕೊನೆಯ ಕಂಬದಲ್ಲಿ ಅಂತ ಬರೆದಿರುತ್ತೇನೆ.